ರವೆ ಹಚ್ಚಿದ ಅಂಜಲ್ ತುಂಡು: ತಿರುವುವಾಗ ರವೆ ಕಳಚುತ್ತದೆ, ಮುಳ್ಳಿನ ಹತ್ತಿರ ಹಸಿಯಾಗಿರುತ್ತದೆ. ಏನು ಮಾಡಬೇಕು?

ಹೊಸ_ಅಡುಗೆಮನೆ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಮದುವೆಯಾಗಿ ಉಡುಪಿಗೆ ಬಂದಿದ್ದೇನೆ. ಮನೆಯಲ್ಲಿ ಅಂಜಲ್ ತಂದಾಗಲೆಲ್ಲ ರವೆ ಫ್ರೈ ಮಾಡುವ ಜವಾಬ್ದಾರಿ ನನ್ನದೇ. ಎರಡು ತೊಂದರೆಗಳು ಬಿಡದೆ ಕಾಡುತ್ತಿವೆ. ಮೊದಲನೆಯದು, ತಿರುವಿ ಹಾಕುವಾಗ ಒಂದು ಬದಿಯ ರವೆ ಪದರವೇ ಕಳಚಿ ಕಾವಲಿಗೆ ಅಂಟಿಕೊಳ್ಳುತ್ತದೆ. ಎರಡನೆಯದು, ಹೊರಗೆ ಕಂದು ಬಣ್ಣ ಬಂದಿತೆಂದು ತೆಗೆದರೆ ನಡುಮುಳ್ಳಿನ ಸುತ್ತ ಮಾಂಸ ಇನ್ನೂ ಪಾರದರ್ಶಕವಾಗಿರುತ್ತದೆ. ಮತ್ತಷ್ಟು ಹೊತ್ತು ಬಿಟ್ಟರೆ ಮಸಾಲೆ ಕಪ್ಪಾಗಿ ಕಹಿಯಾಗುತ್ತದೆ.

ತುಂಡುಗಳು ಹೆಚ್ಚುಕಡಿಮೆ ಒಂದು ಬೆರಳಿನ ದಪ್ಪ ಇರುತ್ತವೆ. ಮೆಣಸಿನ ಪುಡಿ, ಅರಿಶಿನ, ಉಪ್ಪು, ಹುಣಸೆ ನೀರು ಹಚ್ಚಿ ಅರ್ಧ ಗಂಟೆ ಇಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುತ್ತೇನೆ. ‘ಮಧ್ಯಮ ಉರಿ’ ಎಂದು ಎಲ್ಲರೂ ಹೇಳುತ್ತಾರೆ. ಒಂದು ಬದಿಗೆ ಎಷ್ಟು ನಿಮಿಷ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ದಯವಿಟ್ಟು ತಿಳಿದವರು ವಿವರವಾಗಿ ಹೇಳಿ.

ಕರಾವಳಿ_ಖಾರ
ಉರಿ ಸಾಲುತ್ತಿಲ್ಲ, ಅಷ್ಟೇ. ಮೀನನ್ನು ಜೋರು ಉರಿಯಲ್ಲೇ ಹುರಿಯಬೇಕು. ಬಿಸಿ ಎಣ್ಣೆ ತಾಗಿದ ಕೂಡಲೇ ಹೊರಪದರ ಮುಚ್ಚಿಕೊಂಡು ಒಳಗಿನ ರಸ ಒಳಗೇ ಉಳಿಯುತ್ತದೆ. ಮಧ್ಯಮ ಉರಿಯಲ್ಲಿಟ್ಟರೆ ಮೀನು ನೀರು ಬಿಟ್ಟು ರವೆ ಉದುರುತ್ತದೆ.

ತೆಂಗಿನೆಣ್ಣೆ_ಪ್ರಿಯ
ಜೋರು ಉರಿಯಲ್ಲಿ ಮಾಡಿದ್ದರಿಂದಲೇ ಅವರ ಮಸಾಲೆ ಕಪ್ಪಾಗುತ್ತಿರುವುದು ಅಲ್ಲವೇ? ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಕಾವಲಿ_ಮೇಷ್ಟ್ರು
ಹಲವು ವರ್ಷ ಮೀನೂಟದ ಹೋಟೆಲಿನ ಅಡುಗೆಮನೆಯಲ್ಲಿ ಕಾವಲಿಯ ಮುಂದೆಯೇ ನಿಂತು ಕೆಲಸ ಮಾಡಿದವನು ನಾನು. ತಂಗಿ, ನಿಮ್ಮ ಎರಡು ತೊಂದರೆಗಳಿಗೂ ಬೇರೆ ಬೇರೆ ಕಾರಣಗಳಿವೆ. ಒಂದೊಂದಾಗಿ ನೋಡೋಣ.

ರವೆ ಕಳಚುವುದಕ್ಕೆ ಮುಖ್ಯ ಕಾರಣ ನೀರು. ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟರೆ ಮೀನು ನೀರು ಬಿಟ್ಟೇ ಬಿಡುತ್ತದೆ. ತಟ್ಟೆಯನ್ನು ಓರೆ ಮಾಡಿ ನೋಡಿ, ಅಡಿಯಲ್ಲಿ ಕೆಂಪು ನೀರು ನಿಂತಿರುತ್ತದೆ. ಆ ನೀರಿನೊಂದಿಗೇ ರವೆಯಲ್ಲಿ ಹೊರಳಿಸಿದರೆ ರವೆ ಮೀನಿಗೆ ಹಿಡಿಯುವುದಿಲ್ಲ, ಮೇಲಿನ ತೆಳು ನೀರಿಗೆ ಹಿಡಿಯುತ್ತದೆ. ಕಾವಲಿಯ ಮೇಲೆ ಆ ನೀರು ಆವಿಯಾಗಿ ಹೊರಗೆ ಬರುವಾಗ ರವೆ ಪದರವನ್ನೇ ಎತ್ತಿಬಿಡುತ್ತದೆ. ಆದ್ದರಿಂದ ಮೀನು ತೊಳೆದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಬೇಕು. ಹುಣಸೆ ನೀರಿನ ಬದಲು ಹುಣಸೆಯ ಗಟ್ಟಿ ರಸ ಬಳಸಬೇಕು. ಮಸಾಲೆ ಬೆರಳಿನಲ್ಲಿ ತೆಗೆದರೆ ಜಾರಿ ಬೀಳದಷ್ಟು ಗಟ್ಟಿಯಾಗಿರಬೇಕು. ರವೆ ಹಚ್ಚುವ ಮುಂಚೆ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ತುಂಡಿನ ಮೇಲೆ ಉಳಿದ ಮಸಾಲೆಯನ್ನು ಕೈಯಿಂದಲೇ ಮತ್ತೆ ಸವರಿಕೊಳ್ಳಬೇಕು.

ಇನ್ನು ಒಳಗೆ ಹಸಿಯಾಗಿ ಉಳಿದು ಹೊರಗೆ ಕಪ್ಪಾಗುವ ವಿಷಯ. ಇಲ್ಲಿ ಮೊದಲು ಸುಡುವುದು ಮೆಣಸಿನ ಪುಡಿ, ರವೆಯಲ್ಲ. ರವೆ ನಿಧಾನವಾಗಿ ಬಣ್ಣ ಬದಲಿಸುತ್ತದೆ, ಅದರ ಅಡಿಯ ಮೆಣಸು ಮತ್ತು ಬೆಳ್ಳುಳ್ಳಿ ಬೇಗ ಕಪ್ಪಾಗುತ್ತವೆ. ಒಂದು ಬೆರಳು ದಪ್ಪದ ತುಂಡಿನ ನಡುಮುಳ್ಳಿನವರೆಗೆ ಬಿಸಿ ಹೋಗುವುದಕ್ಕೆ ಅದರದ್ದೇ ಆದ ಸಮಯ ಬೇಕು. ಉರಿ ಹೆಚ್ಚಿಸಿದರೆ ಮೇಲ್ಮೈ ಬೇಗ ಬೇಯುತ್ತದೆ, ನಡುವಿಗೆ ಬಿಸಿ ಹೋಗುವ ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ಮಧ್ಯಮ ಉರಿ ಎನ್ನುವುದು ಇದಕ್ಕಾಗಿಯೇ. ಮೆಣಸು ಸುಡುವುದರೊಳಗೆ ನಡು ಬೇಯಬೇಕು.

ಕರಾವಳಿ ಖಾರ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೀನು ಹಾಕುವ ಕ್ಷಣದಲ್ಲಿ ಎಣ್ಣೆ ಚೆನ್ನಾಗಿ ಕಾದಿರಲೇಬೇಕು. ತಣ್ಣನೆಯ ಎಣ್ಣೆಗೆ ಹಾಕಿದರೆ ರವೆ ಎಣ್ಣೆ ಕುಡಿದು ಮೆತ್ತಗಾಗಿ ಅಂಟುತ್ತದೆ. ಆದರೆ ರಸ ಒಳಗೆ ಮುಚ್ಚಿಕೊಳ್ಳುತ್ತದೆ ಎಂಬುದು ಸರಿಯಲ್ಲ. ಮೀನು ಹಾಕಿದ ಮೇಲೆ ಕೊನೆಯವರೆಗೂ ಚುರ್ರ್ ಎನ್ನುತ್ತಲೇ ಇರುತ್ತದೆ, ಅದು ನೀರು ಹೊರಗೆ ಬರುತ್ತಿರುವ ಸದ್ದೇ ತಾನೆ? ಮುಚ್ಚಿಕೊಂಡಿದ್ದರೆ ಆ ಸದ್ದು ನಿಲ್ಲಬೇಕಿತ್ತು.

ಕರಾವಳಿ_ಖಾರ
ಸದ್ದಿನ ವಿಷಯ ಒಪ್ಪುತ್ತೇನೆ. ಆದರೂ ನಮ್ಮ ಮನೆಯಲ್ಲಿ ಜೋರು ಉರಿಯಲ್ಲೇ ಹುರಿಯುವುದು, ಯಾರ ತಟ್ಟೆಯಲ್ಲೂ ಹಸಿ ಮೀನು ಬಂದಿಲ್ಲ.

ಕಾವಲಿ_ಮೇಷ್ಟ್ರು
ನಿಮ್ಮ ತುಂಡು ಎಷ್ಟು ದಪ್ಪ?

ಕರಾವಳಿ_ಖಾರ
ತೆಳ್ಳಗೆ ಕತ್ತರಿಸುವಂತೆ ಮೀನಂಗಡಿಯವರಿಗೆ ಹೇಳುತ್ತೇವೆ. ಸುಮಾರು ಅರ್ಧ ಬೆರಳು.

ಕಾವಲಿ_ಮೇಷ್ಟ್ರು
ಅಲ್ಲಿಗೆ ಉತ್ತರ ಸಿಕ್ಕಿತು. ಅರ್ಧ ಬೆರಳು ದಪ್ಪದ ತುಂಡು ಒಂದು ಬದಿಗೆ ಎರಡು ನಿಮಿಷದಲ್ಲಿ ಬೇಯುತ್ತದೆ. ಮೆಣಸು ಕಪ್ಪಾಗುವಷ್ಟು ಸಮಯವನ್ನೇ ಅದು ಕೊಡುವುದಿಲ್ಲ. ಅದೇ ಉರಿಯನ್ನು ಒಂದೂವರೆ ಸೆಂಟಿಮೀಟರ್ ತುಂಡಿಗೆ ಇಟ್ಟರೆ ಪ್ರಶ್ನೆ ಕೇಳಿದ ತಂಗಿಗೆ ಆದದ್ದೇ ಆಗುತ್ತದೆ.

ಗಡಿಬಿಡಿ_ಊಟ
ನಾನು ಬಂಗುಡೆಯನ್ನು ಇಡಿಯಾಗಿ ಹುರಿಯುತ್ತೇನೆ. ನನಗೂ ಒಳಗೆ ಹಸಿ ಉಳಿಯುತ್ತದೆ. ಮೇಲಿನ ಸಮಯವೇ ನನಗೂ ಸಾಕೇ? ಬೂತಾಯಿಗೆ ಎಷ್ಟು?

ಹೊಸ_ಅಡುಗೆಮನೆ
ನನ್ನ ಪ್ರಶ್ನೆ ಅಂಜಲ್ ತುಂಡಿನದ್ದು. ಆದರೆ ಬಂಗುಡೆಗೂ ಉತ್ತರ ಸಿಕ್ಕಿದರೆ ಒಳ್ಳೆಯದೇ, ಮನೆಯಲ್ಲಿ ಅದೂ ಬರುತ್ತದೆ.

ಮಲ್ಪೆ_ಗಾಳಿ
ಇಡೀ ಬಂಗುಡೆಗೆ ಬೆನ್ನಿನ ಕಡೆಯಿಂದ ಮುಳ್ಳು ತಾಗುವವರೆಗೆ ಓರೆಯಾಗಿ ಮೂರು ನಾಲ್ಕು ಕಚ್ಚು ಹಾಕಬೇಕು. ಮಸಾಲೆಯೂ ಬಿಸಿಯೂ ಅಲ್ಲಿಂದಲೇ ಒಳಗೆ ಹೋಗಬೇಕು. ಕಚ್ಚಿಲ್ಲದೆ ಹುರಿದರೆ ಬೆನ್ನಿನ ದಪ್ಪ ಭಾಗ ಬೇಯುವಷ್ಟರಲ್ಲಿ ಹೊಟ್ಟೆಯ ಭಾಗ ಒಣಗಿಹೋಗಿರುತ್ತದೆ. ಮಧ್ಯಮಕ್ಕಿಂತ ತುಸು ಕಡಿಮೆ ಉರಿಯಲ್ಲಿ ಬದಿಗೆ ಐದಾರು ನಿಮಿಷ. ಬೂತಾಯಿ ಸಣ್ಣದು, ಬದಿಗೆ ಎರಡು ಮೂರು ನಿಮಿಷ ಸಾಕು.

ಅಮ್ಮನ_ಮಸಾಲೆ
ಕುಂದಾಪುರದ ಕಡೆಯವಳು ನಾನು. ಮೇಷ್ಟ್ರು ಅರ್ಧ ಗಂಟೆಯ ನೀರಿನ ಬಗ್ಗೆ ಹೇಳಿದ್ದು ನಿಜ, ಆದರೆ ನಮ್ಮ ಅಮ್ಮ ಹಿಂದಿನ ರಾತ್ರಿಯೇ ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿ ಇಡುತ್ತಾರೆ. ಮರುದಿನ ರವೆ ಒಂದು ಕಾಳೂ ಉದುರುವುದಿಲ್ಲ. ಹಾಗಾದರೆ ಹೆಚ್ಚು ಹೊತ್ತು ಇಟ್ಟರೆ ಕೆಟ್ಟದ್ದೇ ಅಥವಾ ಒಳ್ಳೆಯದೇ?

ಕಾವಲಿ_ಮೇಷ್ಟ್ರು
ಅಮ್ಮ ಹುಳಿಗೆ ಏನು ಹಾಕುತ್ತಾರೆ?

ಅಮ್ಮನ_ಮಸಾಲೆ
ಹುಣಸೆ ಹಾಕಿ ರುಬ್ಬಿದ ಗಟ್ಟಿ ಮಸಾಲೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಸ್ವಲ್ಪ ಓಮ. ನೀರು ಬಹಳ ಕಡಿಮೆ.

ಕಾವಲಿ_ಮೇಷ್ಟ್ರು
ಹಾಗಾದರೆ ಸರಿಯಾಗಿದೆ. ರುಬ್ಬಿದ ಗಟ್ಟಿ ಮಸಾಲೆಯೇ ಮೀನು ಬಿಟ್ಟ ನೀರನ್ನು ಹೀರಿಕೊಳ್ಳುತ್ತದೆ. ರಾತ್ರಿಯಿಡೀ ಇಡುವುದು ಕೆಡುವುದು ಲಿಂಬೆ ರಸ ಅಥವಾ ವಿನೆಗರ್ ಧಾರಾಳವಾಗಿ ಹಾಕಿದಾಗ. ಹುಳಿಯಲ್ಲಿ ಬಹಳ ಹೊತ್ತು ಬಿದ್ದಿದ್ದರೆ ಮೀನಿನ ಮೇಲ್ಮೈ ಬೆಳ್ಳಗಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವಂತಾಗುತ್ತದೆ. ಪುಡಿಯಾಗುವ ಮೇಲ್ಮೈಗೆ ರವೆ ಹಿಡಿದೂ ಪ್ರಯೋಜನವಿಲ್ಲ, ಮೀನಿನ ತೆಳು ಪದರದೊಂದಿಗೇ ಎದ್ದುಬರುತ್ತದೆ. ಲಿಂಬೆ ಹಾಕಿದ್ದರೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇಡುವುದು ಬೇಡ ಎನ್ನುತ್ತೇನೆ.

ಅಮ್ಮನ_ಮಸಾಲೆ
ನಮ್ಮ ಪಕ್ಕದ ಮನೆಯವರು ಲಿಂಬೆ ಹಾಕಿಯೂ ರಾತ್ರಿಯಿಡೀ ಇಡುತ್ತಾರೆ, ಚೆನ್ನಾಗಿಯೇ ಬರುತ್ತದೆ. ಪ್ರಮಾಣ ಕಡಿಮೆ ಇರಬಹುದು. ನಾನು ಪೂರ್ತಿ ಒಪ್ಪಲಾರೆ.

ಬೆಂಗಳೂರು_ಕರಾವಳಿಗ
ರವೆ ಯಾವುದು ಎಂದು ಯಾರೂ ಕೇಳಲಿಲ್ಲವಲ್ಲ! ಬನ್ಸಿ ರವೆ ಹಾಕಿದರೆ ಕಾಳು ದೊಡ್ಡದಾಗಿ ಗರಿಗರಿ ಚೆನ್ನಾಗಿರುತ್ತದೆ, ಆದರೆ ಉದುರುತ್ತದೆ. ಚಿರೋಟಿ ರವೆ ಹಾಕಿದರೆ ಅಚ್ಚುಕಟ್ಟಾಗಿ ಹಿಡಿಯುತ್ತದೆ, ಆದರೆ ಹಿಟ್ಟಿನ ಹಾಗೆ ಆಗಿಬಿಡುತ್ತದೆ. ನಾನು ಎರಡನ್ನೂ ಬೆರೆಸುತ್ತೇನೆ.

ತೆಂಗಿನೆಣ್ಣೆ_ಪ್ರಿಯ
ಚಿರೋಟಿಯೇ ಸರಿ. ನಾಲ್ಕು ಚಮಚ ಚಿರೋಟಿ ರವೆಗೆ ಒಂದು ಚಮಚ ಅಕ್ಕಿ ಹಿಟ್ಟು. ಅಕ್ಕಿ ಹಿಟ್ಟು ಕಾಳುಗಳ ನಡುವಿನ ಜಾಗ ತುಂಬುತ್ತದೆ, ಮಸಾಲೆ ನೇರವಾಗಿ ಎಣ್ಣೆಗೆ ತಾಗುವುದು ಕಡಿಮೆಯಾಗುತ್ತದೆ.

ಮಲ್ಪೆ_ಗಾಳಿ
ಅಕ್ಕಿ ಹಿಟ್ಟು ಸೇರಿಸಿದರೆ ಅದು ರವೆ ಫ್ರೈ ಅಲ್ಲ. ತಣ್ಣಗಾದ ಮೇಲೆ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ರವೆ ಒಂದೇ ಸಾಕು, ಮಸಾಲೆ ಗಟ್ಟಿಯಿದ್ದರೆ ತಾನಾಗಿಯೇ ಹಿಡಿಯುತ್ತದೆ.

ತೆಂಗಿನೆಣ್ಣೆ_ಪ್ರಿಯ
ತಣ್ಣಗಾಗುವವರೆಗೆ ಅಂಜಲ್ ಫ್ರೈ ಯಾರ ಮನೆಯಲ್ಲಿ ಉಳಿಯುತ್ತದೆ ಹೇಳಿ?

ಮಲ್ಪೆ_ಗಾಳಿ
ನಮ್ಮ ಮನೆಯಲ್ಲಿ ಡಬ್ಬಿಗೆ ಕಟ್ಟಿಕೊಂಡು ಹೋಗುವವರಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಅಕ್ಕಿ ಹಿಟ್ಟಿನದ್ದು ತಿನ್ನಲಾಗುವುದಿಲ್ಲ.

ಪ್ರಶ್ನೆ_ಪೆಟ್ಟಿಗೆ
ರವೆಯನ್ನು ಉಪ್ಪಿಟ್ಟಿಗೆ ಹುರಿದ ಹಾಗೆ ಮೊದಲೇ ಹುರಿದುಕೊಳ್ಳಬೇಕೇ?

ಬೆಂಗಳೂರು_ಕರಾವಳಿಗ
ಬೇಡ. ಮೊದಲೇ ಹುರಿದ ರವೆ ಕಾವಲಿಯ ಮೇಲೆ ಬೇಗ ಕಂದಾಗುತ್ತದೆ. ಬಣ್ಣ ನೋಡಿ ಬೆಂದಿದೆ ಎಂದು ತಿರುವುತ್ತೀರಿ, ಮೀನು ಬೆಂದಿರುವುದಿಲ್ಲ.

ಹೊಸ_ಅಡುಗೆಮನೆ
ಇಷ್ಟೆಲ್ಲ ಕೇಳಿದ ಮೇಲೆ ಒಂದು ವಿನಂತಿ. ಮೇಷ್ಟ್ರೇ, ಶನಿವಾರ ಮನೆಗೆ ಅತಿಥಿಗಳು ಬರುತ್ತಾರೆ. ಅರ್ಧ ಕಿಲೋ ಅಂಜಲ್, ನಾಲ್ಕು ತುಂಡು, ಒಂದೂವರೆ ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡುತ್ತೀರಿ? ನನ್ನ ಬಳಿ ಕಬ್ಬಿಣದ ಕಾವಲಿ ಮತ್ತು ಗ್ಯಾಸ್ ಒಲೆ ಇದೆ.

ಕಾವಲಿ_ಮೇಷ್ಟ್ರು
ಆಗಲಿ, ಪೂರ್ತಿ ಬರೆಯುತ್ತೇನೆ.

ಮಸಾಲೆಗೆ ಬ್ಯಾಡಗಿ ಮೆಣಸಿನ ಪುಡಿ ಒಂದೂವರೆ ದೊಡ್ಡ ಚಮಚ, ಅರಿಶಿನ ಕಾಲು ಸಣ್ಣ ಚಮಚ, ಉಪ್ಪು ಒಂದು ಸಣ್ಣ ಚಮಚ, ಹುಣಸೆಯ ಗಟ್ಟಿ ರಸ ಎರಡು ಸಣ್ಣ ಚಮಚ, ಶುಂಠಿ ಬೆಳ್ಳುಳ್ಳಿ ನುಣ್ಣಗೆ ಅರೆದದ್ದು ಒಂದು ಸಣ್ಣ ಚಮಚ. ಬೆಳ್ಳುಳ್ಳಿ ತರಿತರಿಯಾಗಿದ್ದರೆ ಆ ಚೂರುಗಳೇ ಮೊದಲು ಸುಡುತ್ತವೆ, ಆದ್ದರಿಂದ ನುಣ್ಣಗಿರಲಿ. ಕಲಸಲು ಬೇಕೇ ಬೇಕಾದರೆ ಒಂದು ಚಮಚ ಎಣ್ಣೆ ಹಾಕಿ, ನೀರು ಹಾಕಬೇಡಿ. ಒರೆಸಿದ ತುಂಡುಗಳ ಎರಡೂ ಬದಿಗೆ, ಚರ್ಮದ ಅಂಚಿಗೂ ಸವರಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಿ. ಹುರಿಯುವುದಕ್ಕೆ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿರುವ ತುಂಡು ಎಣ್ಣೆಯ ಬಿಸಿಯನ್ನು ಒಮ್ಮೆಲೇ ಇಳಿಸುತ್ತದೆ, ನಡುವೂ ತಡವಾಗಿ ಬೇಯುತ್ತದೆ.

ರವೆಯನ್ನು ಅಗಲ ತಟ್ಟೆಯಲ್ಲಿ ಹರಡಿ. ತುಂಡನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿ, ತಿರುವಿ ಮತ್ತೆ ಒತ್ತಿ, ಅಂಚನ್ನೂ ಉರುಳಿಸಿ. ಆಮೇಲೆ ಎತ್ತಿ ಹಿಡಿದು ಬೆರಳಿನಿಂದ ಒಮ್ಮೆ ತಟ್ಟಿ. ಅಂಟದ ರವೆ ಇಲ್ಲೇ ಬೀಳಲಿ. ಇಲ್ಲಿ ಬೀಳದಿದ್ದರೆ ಎಣ್ಣೆಯಲ್ಲಿ ಬಿದ್ದು ಕಪ್ಪಾಗಿ ಮುಂದಿನ ತುಂಡಿಗೆ ಅಂಟುತ್ತದೆ. ರವೆ ಹಚ್ಚಿದ ಮೇಲೆ ಐದು ನಿಮಿಷ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಆ ಐದು ನಿಮಿಷದಲ್ಲಿ ರವೆ ಮಸಾಲೆಯ ತೇವ ಹೀರಿ ಹಿಡಿದುಕೊಳ್ಳುತ್ತದೆ.

ಕಾವಲಿಯನ್ನು ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕಾಯಿಸಿ, ನಾಲ್ಕು ದೊಡ್ಡ ಚಮಚ ಎಣ್ಣೆ ಹಾಕಿ. ತುಂಡಿನ ಅಡಿಯಲ್ಲಿ ಎಣ್ಣೆ ಸರಾಗವಾಗಿ ಓಡಾಡುವಷ್ಟಿರಬೇಕು, ಬರೀ ಸವರಿದರೆ ಸಾಲದು. ಎರಡು ಕಾಳು ರವೆ ಹಾಕಿ ನೋಡಿ. ಸುತ್ತ ಸಣ್ಣ ಗುಳ್ಳೆ ಎದ್ದು, ಬಣ್ಣ ನಿಧಾನವಾಗಿ ತಿರುಗಿದರೆ ಸರಿ. ಸುಮ್ಮನೆ ಬಿದ್ದಿದ್ದರೆ ಕಾದಿಲ್ಲ. ಬಿದ್ದ ಕೂಡಲೇ ಕಂದಾದರೆ ಉರಿ ಇಳಿಸಿ ಕಾಯಬೇಕು.

ಒಮ್ಮೆಗೆ ಎರಡೇ ತುಂಡು ಹಾಕಿ. ಹಾಕಿದ ಮೇಲೆ ಅರ್ಧ ನಿಮಿಷ ಉರಿಯನ್ನು ತುಸು ಏರಿಸಿ, ಮತ್ತೆ ಮಧ್ಯಮಕ್ಕೆ ತನ್ನಿ. ತಣ್ಣನೆಯ ಮೀನು ಇಳಿಸಿದ ಬಿಸಿಯನ್ನು ಹಿಂದಿರುಗಿಸಲು ಇದು. ಮೊದಲ ಎರಡು ನಿಮಿಷ ಮುಟ್ಟಲೇಬೇಡಿ, ಅಲುಗಾಡಿಸಲೂ ಬೇಡಿ. ಮೊದಲ ಬದಿಗೆ ಒಟ್ಟು ನಾಲ್ಕು ನಿಮಿಷ. ಆಗ ಸಟ್ಟುಗವನ್ನು ಒಂದು ಅಂಚಿನಿಂದ ಅಡಿಗೆ ತೂರಿಸಿ. ಸಲೀಸಾಗಿ ಹೋದರೆ ಪದರ ಗಟ್ಟಿಯಾಗಿದೆ ಎಂದು ಅರ್ಥ, ತಿರುವಿ. ಅಂಟಿದ್ದರೆ ಬಲವಂತ ಮಾಡದೆ ಇನ್ನೂ ಅರ್ಧ ನಿಮಿಷ ಬಿಡಿ, ತಾನಾಗಿ ಬಿಡುತ್ತದೆ. ನಿಮ್ಮ ರವೆ ಕಾವಲಿಗೇ ಅಂಟಿ ಉಳಿಯುವುದಕ್ಕೆ ನೀರಿನ ಜೊತೆಗೆ ಈ ಅವಸರವೂ ಕಾರಣವಿರಬೇಕು.

ತಿರುವಿದ ಮೇಲೆ ಸುತ್ತ ಒಂದು ಚಮಚ ಎಣ್ಣೆ ಬಿಡಿ. ಮೊದಲ ಬದಿ ಸಾಕಷ್ಟು ಎಣ್ಣೆ ಕುಡಿದಿರುತ್ತದೆ. ಎರಡನೆಯ ಬದಿಗೆ ಮೂರರಿಂದ ಮೂರೂವರೆ ನಿಮಿಷ ಸಾಕು, ಏಕೆಂದರೆ ಮೀನು ಆಗಲೇ ಅರ್ಧ ಬಿಸಿಯಾಗಿದೆ. ಕೊನೆಗೆ ಚೂರಿಯ ತುದಿಯನ್ನು ನಡುಮುಳ್ಳಿನ ಪಕ್ಕ ತೂರಿಸಿ ಸ್ವಲ್ಪ ಸರಿಸಿ ನೋಡಿ. ಮಾಂಸ ಪೂರ್ತಿ ಬೆಳ್ಳಗಾಗಿ ಮುಳ್ಳಿನಿಂದ ಸುಲಭವಾಗಿ ಬಿಟ್ಟರೆ ಬೆಂದಿದೆ. ಗಾಜಿನಂತೆ ಹೊಳೆದು ಮುಳ್ಳಿಗೆ ಅಂಟಿದ್ದರೆ ಉರಿ ಸಣ್ಣಗೆ ಮಾಡಿ ಬದಿಗೆ ಒಂದೊಂದು ನಿಮಿಷ ಕೊಡಿ. ಅದಕ್ಕಾಗಿ ಉರಿ ಹೆಚ್ಚಿಸಬೇಡಿ.

ಮುಂದಿನ ಎರಡು ತುಂಡು ಹಾಕುವ ಮುಂಚೆ ಎಣ್ಣೆಯಲ್ಲಿ ಉಳಿದ ರವೆಯನ್ನು ತೆಗೆದುಬಿಡಿ.

ಮಲ್ಪೆ_ಗಾಳಿ
ಮೇಷ್ಟ್ರ ಮಾತಿನಲ್ಲಿ ಒಂದನ್ನು ಒಪ್ಪುವುದಿಲ್ಲ. ರವೆ ಹಚ್ಚಿ ಐದು ನಿಮಿಷ ಬಿಡುವುದು ಬೇಡ. ಹಚ್ಚಿದ ಕೂಡಲೇ ಕಾವಲಿಗೆ ಹಾಕಬೇಕು. ಬಿಟ್ಟರೆ ರವೆ ನೆನೆದು ಗರಿಗರಿ ಹೋಗುತ್ತದೆ.

ಕಾವಲಿ_ಮೇಷ್ಟ್ರು
ನೆನೆದು ಮುದ್ದೆಯಾಗುವುದು ಅರ್ಧ ಗಂಟೆ ಬಿಟ್ಟಾಗ. ಐದು ನಿಮಿಷಕ್ಕೆ ಹೊರಗಿನ ಕಾಳು ಒಣಗಿಯೇ ಇರುತ್ತದೆ. ಹೋಟೆಲಿನಲ್ಲಿ ಗಿರಾಕಿಗಳ ನಡುವೆ ತುಂಡುಗಳು ರವೆ ಹಚ್ಚಿ ಕಾಯುತ್ತಿದ್ದವು, ಅಷ್ಟರಿಂದ ಗರಿಗರಿಗೆ ಏನೂ ಆಗುತ್ತಿರಲಿಲ್ಲ.

ಮಲ್ಪೆ_ಗಾಳಿ
ಹೋಟೆಲಿನ ಉರಿ ಬೇರೆ, ಮನೆಯ ಒಲೆ ಬೇರೆ. ನಾನು ನನ್ನ ಕ್ರಮವನ್ನು ಬಿಡುವುದಿಲ್ಲ.

ಇಂಡಕ್ಷನ್_ಬಳಕೆದಾರ
ಬಾಡಿಗೆ ಮನೆಯಲ್ಲಿ ಇಂಡಕ್ಷನ್ ಒಲೆಯೇ ಗತಿ. ಮಧ್ಯಮ ಉರಿ ಎಂದರೆ ಎಷ್ಟು ವಾಟ್ ಎಂದು ಹೇಳುವಿರಾ?

ಬೆಂಗಳೂರು_ಕರಾವಳಿಗ
ವಾಟ್ ಲೆಕ್ಕ ಹಿಡಿಯಬೇಡಿ, ಪಾತ್ರೆಯ ದಪ್ಪ ಮತ್ತು ಅಗಲಕ್ಕೆ ಅದು ಬದಲಾಗುತ್ತದೆ. ಮೇಷ್ಟ್ರು ಹೇಳಿದ ರವೆ ಕಾಳಿನ ಪರೀಕ್ಷೆಯೇ ನಿಮಗೂ ಸರಿ. ಇಂಡಕ್ಷನ್‌ನಲ್ಲಿ ಇನ್ನೊಂದು ತೊಂದರೆ ಇದೆ. ತೆಳು ಪಾತ್ರೆಯ ನಡುಭಾಗ ಮಾತ್ರ ಕಾದು ಅಂಚು ತಣ್ಣಗಿರುತ್ತದೆ. ಎರಡು ನಿಮಿಷದ ನಂತರ, ಪದರ ಹಿಡಿದ ಮೇಲೆ, ಪಾತ್ರೆಯನ್ನೇ ಸ್ವಲ್ಪ ತಿರುಗಿಸಿ. ತುಂಡಿನ ದಪ್ಪ ಬೆನ್ನಿನ ಭಾಗ ನಡುವಿಗೆ, ತೆಳು ಹೊಟ್ಟೆಯ ಭಾಗ ಅಂಚಿಗೆ ಬರುವಂತೆ ಇಟ್ಟರೆ ಎರಡೂ ಒಂದೇ ಹೊತ್ತಿಗೆ ಬೇಯುತ್ತವೆ.

ಇಂಡಕ್ಷನ್_ಬಳಕೆದಾರ
ಬೆನ್ನು ನಡುವಿಗೆ ಎನ್ನುವುದು ಹೊಳೆದೇ ಇರಲಿಲ್ಲ. ಧನ್ಯವಾದ.

ಆರೋಗ್ಯ_ಮೊದಲು
ಮುಚ್ಚಳ ಮುಚ್ಚಿ ಬೇಯಿಸಿದರೆ ಒಳಗೆ ಬೇಗ ಬೇಯುವುದಿಲ್ಲವೇ? ಎಣ್ಣೆಯೂ ಕಡಿಮೆ ಸಾಕು.

ತೆಂಗಿನೆಣ್ಣೆ_ಪ್ರಿಯ
ಬೇಗ ಬೇಯುತ್ತದೆ, ನಿಜ. ಆದರೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ರವೆ ಉಪ್ಪಿಟ್ಟಿನಂತೆ ಮೆತ್ತಗಾಗುತ್ತದೆ. ಎಣ್ಣೆ ಕಡಿಮೆ ಮಾಡಬೇಕೆಂದರೆ ರವೆ ಬಿಟ್ಟು ಬರೀ ಮಸಾಲೆ ಹಚ್ಚಿ ಬಾಳೆ ಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಇಡಿ. ಅದು ಬೇರೆಯೇ ರುಚಿ.

ಆರೋಗ್ಯ_ಮೊದಲು
ತೆಂಗಿನೆಣ್ಣೆಯಲ್ಲಿ ಹೊಗೆ ಬರುತ್ತದೆಯಲ್ಲ, ಅದು ಒಳ್ಳೆಯದಲ್ಲ.

ತೆಂಗಿನೆಣ್ಣೆ_ಪ್ರಿಯ
ಹೊಗೆ ಬಂದರೆ ಉರಿ ಮಧ್ಯಮವಾಗಿಲ್ಲ ಎಂದೇ ಅರ್ಥ. ಗಾಣದ ತೆಂಗಿನೆಣ್ಣೆ ಬೇರೆ ಶುದ್ಧೀಕರಿಸಿದ ಎಣ್ಣೆಗಳಿಗಿಂತ ಬೇಗ ಹೊಗೆಯಾಡುತ್ತದೆ, ಒಪ್ಪುತ್ತೇನೆ. ಅದೇ ಅದರ ಅನುಕೂಲ. ಹೊಗೆ ಕಂಡ ಕೂಡಲೇ ಕಾವಲಿಯನ್ನು ಒಲೆಯಿಂದ ಎತ್ತಿ ಹಿಡಿಯುತ್ತೇನೆ, ಮೆಣಸು ಸುಡುವ ಮೊದಲೇ ಎಚ್ಚರಿಕೆ ಸಿಗುತ್ತದೆ. ಅಂಜಲ್ ಜೊತೆ ಆ ಪರಿಮಳಕ್ಕೆ ಬೇರೆ ಯಾವ ಎಣ್ಣೆಯೂ ಸಾಟಿಯಿಲ್ಲ. ಎರಡು ಎಸಳು ಕರಿಬೇವು ಎಣ್ಣೆಗೆ ಹಾಕಿ ನೋಡಿ.

ಕಾರವಾರದ_ಕಿಟಕಿ
ನಮ್ಮ ಕಡೆ ಇದೇ ಮೀನನ್ನು ಇಸವಣ ಎನ್ನುತ್ತೇವೆ, ಹುಳಿಗೆ ಹುಣಸೆಯ ಬದಲು ಕೋಕಂ ಬಳಸುತ್ತೇವೆ. ಬೆಳ್ಳುಳ್ಳಿ ಹಾಕದವರೂ ಇದ್ದಾರೆ. ಬೆಳ್ಳುಳ್ಳಿ ಇಲ್ಲದಿದ್ದರೆ ಮಸಾಲೆ ಸುಡುವ ಭಯ ಬಹಳ ಕಡಿಮೆ, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೆಂಗಳೂರು_ಕರಾವಳಿಗ
ಮಳೆಗಾಲದ ವಿಷಯವನ್ನೂ ಸೇರಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಆ ಹೊತ್ತಿನಲ್ಲಿ ನಮಗೆ ಇಲ್ಲಿ ಸಿಗುವ ಅಂಜಲ್ ಹೆಚ್ಚಾಗಿ ಐಸ್‌ಗಟ್ಟಿಸಿದ್ದು. ಅಂಥ ತುಂಡು ಕರಗುವಾಗ ಬಹಳ ನೀರು ಬಿಡುತ್ತದೆ. ನೀರಿನಲ್ಲಿ ಮುಳುಗಿಸಿ ಕರಗಿಸಬೇಡಿ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಜಾಲರಿಯ ಮೇಲೆ ಇಟ್ಟು ನೀರು ಕೆಳಗೆ ಸೋರುವಂತೆ ಮಾಡಿ. ನಡುವಿನಲ್ಲಿ ಐಸ್ ಉಳಿದಿದ್ದರೆ ಮೇಷ್ಟ್ರು ಕೊಟ್ಟ ಯಾವ ನಿಮಿಷದ ಲೆಕ್ಕವೂ ಹೊಂದುವುದಿಲ್ಲ.

ಗಡಿಬಿಡಿ_ಊಟ
ರವೆ ಉದುರದಿರಲು ಮೊಟ್ಟೆಯಲ್ಲಿ ಅದ್ದಿ ರವೆ ಹಚ್ಚಿದರೆ?

ಮಲ್ಪೆ_ಗಾಳಿ
ದಯವಿಟ್ಟು ಬೇಡ. ಮೀನಿಗೆ ಆಮ್ಲೆಟ್ ಹೊದಿಸಿದ ಹಾಗಾಗುತ್ತದೆ.

ಕಾರವಾರದ_ಕಿಟಕಿ
ಕೆಲವರ ಮನೆಯಲ್ಲಿ ಮಾಡುತ್ತಾರೆ, ಕೆಟ್ಟದ್ದೇನೂ ಅಲ್ಲ. ಆದರೆ ಮಸಾಲೆಯ ಖಾರ ಮಂಕಾಗುತ್ತದೆ.

ಸಸ್ಯಾಹಾರಿ_ನೆರೆಯವಳು
ನಾನು ಮೀನು ತಿನ್ನುವುದಿಲ್ಲ, ಆದರೆ ಇದೇ ವಿಧಾನದಲ್ಲಿ ಜೀಗುಜ್ಜೆ ರವೆ ಫ್ರೈ ಮಾಡುತ್ತೇನೆ. ಅಲ್ಲಿಯೂ ಇದೇ ತೊಂದರೆ, ನಡು ಬೇಯುವುದಿಲ್ಲ. ನಾನು ಹೋಳುಗಳನ್ನು ಉಪ್ಪುನೀರಿನಲ್ಲಿ ಅರ್ಧ ಬೇಯಿಸಿ ಒಣಗಿಸಿ ಹಚ್ಚುತ್ತೇನೆ. ಮೀನನ್ನೂ ಮೊದಲು ಸ್ವಲ್ಪ ಬೇಯಿಸಿಕೊಂಡರೆ ಆಗದೇ?

ಅಮ್ಮನ_ಮಸಾಲೆ
ಅಕ್ಕಾ, ಮೀನು ಜೀಗುಜ್ಜೆಯಷ್ಟು ಗಟ್ಟಿಯಲ್ಲ. ಮೊದಲೇ ಬೇಯಿಸಿದರೆ ಕಾವಲಿಯಲ್ಲಿ ಎಸಳು ಎಸಳಾಗಿ ಒಡೆದುಹೋಗುತ್ತದೆ. ಆದರೆ ನಿಮ್ಮ ಜೀಗುಜ್ಜೆಯ ವಿಧಾನ ಬಿಡಿಸಿ ಬರೆಯಿರಿ. ನಮ್ಮ ಮರದಲ್ಲಿ ಈ ಸಲ ತುಂಬ ಬಿಟ್ಟಿದೆ.

ಸಸ್ಯಾಹಾರಿ_ನೆರೆಯವಳು
ಬೇರೆ ಎಳೆ ತೆರೆದು ಬರೆಯುತ್ತೇನೆ, ಇಲ್ಲಿ ಮೀನಿನ ಮಾತೇ ನಡೆಯಲಿ.

ಹೊಸ_ಅಡುಗೆಮನೆ
ಶನಿವಾರದ ಸಮಾಚಾರ. ಒರೆಸಿ, ಗಟ್ಟಿ ಮಸಾಲೆ ಹಚ್ಚಿ, ಚಿರೋಟಿ ರವೆ ಒಂದನ್ನೇ ಹಾಕಿದೆ. ಮೊದಲ ಎರಡು ತುಂಡುಗಳು ನಾಲ್ಕು ನಿಮಿಷಕ್ಕೆ ಸಟ್ಟುಗಕ್ಕೆ ಸಲೀಸಾಗಿ ಎದ್ದವು, ಒಂದು ಕಡೆಯೂ ರವೆ ಕಳಚಲಿಲ್ಲ. ಮುಳ್ಳಿನ ಹತ್ತಿರ ಚೆನ್ನಾಗಿ ಬೆಂದಿತ್ತು. ನಂತರದ ಎರಡರಲ್ಲಿ ಬಣ್ಣ ಮಾತ್ರ ಹೆಚ್ಚು ಗಾಢವಾಯಿತು, ಸಮಯ ಅದೇ ಕೊಟ್ಟಿದ್ದೆ. ಎಣ್ಣೆಯಲ್ಲಿದ್ದ ರವೆಯನ್ನು ತೆಗೆದೇ ಹಾಕಿದ್ದೆ.

ಇನ್ನೊಂದು, ಹುರಿದದ್ದನ್ನು ಕಾಗದದ ಮೇಲೆ ಒಂದರ ಮೇಲೊಂದು ಇಟ್ಟಿದ್ದೆ. ಅತಿಥಿಗಳು ಕೂರುವ ಹೊತ್ತಿಗೆ ಕೆಳಗಿನ ತುಂಡು ಮೆತ್ತಗಾಗಿತ್ತು.

ಕಾವಲಿ_ಮೇಷ್ಟ್ರು
ಸಂತೋಷವಾಯಿತು. ಎರಡನೆಯ ಸಲ ಬಣ್ಣ ಹೆಚ್ಚಿದ್ದು ಕಬ್ಬಿಣದ ಕಾವಲಿಯಿಂದ. ಅದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಲೆಯ ಗುಂಡಿ ಅಲ್ಲೇ ಇದ್ದರೂ ಮೊದಲ ಬಾರಿಗಿಂತ ಎರಡನೆಯ ಬಾರಿಗೆ ಕಾವಲಿ ಹೆಚ್ಚು ಕಾದಿರುತ್ತದೆ. ಮೊದಲ ತುಂಡುಗಳನ್ನು ತೆಗೆದ ಮೇಲೆ ಉರಿಯನ್ನು ತುಸು ಇಳಿಸಿ, ಒಂದು ನಿಮಿಷ ಬಿಟ್ಟು, ಮತ್ತೆ ರವೆ ಕಾಳು ಹಾಕಿ ನೋಡಿಯೇ ಮುಂದಿನದನ್ನು ಹಾಕಿ. ಹುರಿದದ್ದನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಬಿಸಿ ಮೀನಿನ ಆವಿ ಹೋಗಲು ಕೆಳಗೂ ಜಾಗ ಬೇಕು.

ಕರಾವಳಿ_ಖಾರ
ನಾನೂ ಈ ವಾರ ದಪ್ಪ ತುಂಡು ತಂದು ಮಧ್ಯಮ ಉರಿಯಲ್ಲಿ ಹುರಿದೆ. ನಡು ಚೆನ್ನಾಗಿ ಬೆಂದಿತ್ತು. ತೆಳು ತುಂಡಿಗೆ ಮಾತ್ರ ನನ್ನ ಜೋರು ಉರಿಯೇ ಸರಿ ಎಂದು ಈಗಲೂ ಹೇಳುತ್ತೇನೆ.

ಮಲ್ಪೆ_ಗಾಳಿ
ಹೊಸ ಅಡುಗೆಮನೆಯವರೇ, ರವೆ ಹಚ್ಚಿ ಐದು ನಿಮಿಷ ಬಿಟ್ಟಿರೋ ಕೂಡಲೇ ಹಾಕಿದಿರೋ? ಅದನ್ನು ಬರೆಯಲೇ ಇಲ್ಲ.

ಹೊಸ_ಅಡುಗೆಮನೆ
ಮೊದಲ ಎರಡು ಕೂಡಲೇ ಹೋದವು, ಉಳಿದೆರಡು ಕಾವಲಿ ಖಾಲಿಯಾಗುವವರೆಗೆ ಹತ್ತು ನಿಮಿಷ ಕಾದವು. ಹಿಡಿತದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಬಂಗುಡೆಯಲ್ಲಿ ಇನ್ನೊಮ್ಮೆ ನೋಡುತ್ತೇನೆ. ಅದಕ್ಕೆ ಕಚ್ಚು ಹಾಕಿದ ಜಾಗದ ಒಳಗೂ ರವೆ ತುಂಬಬೇಕೇ, ಅಥವಾ ಮಸಾಲೆ ಮಾತ್ರವೇ?

ಮಲ್ಪೆ_ಗಾಳಿ
ಮಸಾಲೆ ಮಾತ್ರ. ಕಚ್ಚಿನ ಒಳಗೆ ರವೆ ಸೇರಿದರೆ ಅಲ್ಲಿಗೆ ಎಣ್ಣೆ ತಾಗದೆ ಹಸಿ ಹಿಟ್ಟಿನ ಹಾಗೆ ಉಳಿಯುತ್ತದೆ.